ಅರ್ಜಿಗೆ ಲಗತ್ತಿಸಿದ ಅರವತ್ತು ಜಾಗಗಳು

ಬೀದರಿನ ಗಾಂಧಿ ಗಂಜಿನ ಹಿಂದಿನ ಗಲ್ಲಿಯಲ್ಲಿ ನಾನೊಂದು ಕೋಣೆ ಹಿಡಿದಿದ್ದ ಕಾಲ ಅದು. ಭೂಗೋಳದಲ್ಲಿ ಎಂ.ಎ. ಮುಗಿದು ಐದು ತಿಂಗಳಾಗಿತ್ತು. ಬೆಳಿಗ್ಗೆ ಗಂಜಿನ ಧಾನ್ಯ ಮಾರುಕಟ್ಟೆಗೆ ಲಾರಿಗಳು ಬರುವ ಸದ್ದಿಗೆ ಎಚ್ಚರವಾಗುತ್ತಿತ್ತು. ಹಮಾಲರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು, ಬೈಯುವುದು, ನಗುವುದು ಎಲ್ಲ ಕಿಟಕಿಯಿಂದ ಕೇಳಿಸುತ್ತಿತ್ತು. ಇಡೀ ಗಂಜಿನಲ್ಲಿ ಆ ಹೊತ್ತಿಗೆ ಯಾರೂ ಕರೆಯದೆ ಇದ್ದವಳು ನಾನೊಬ್ಬಳೇ ಇರಬೇಕು ಅನಿಸುತ್ತಿತ್ತು. ಇದರಲ್ಲಿ ಸ್ವಲ್ಪ ನಾಟಕವೂ ಇತ್ತು, ಒಪ್ಪುತ್ತೇನೆ. ಭಾತಂಬ್ರಾದ ನಮ್ಮ ಮನೆಗೆ ಹೋಗಿಬಿಟ್ಟಿದ್ದರೆ ಮಾತಿಗೇನೂ ಬರವಿರಲಿಲ್ಲ. ಆದರೆ ಅಲ್ಲಿ ಎಲ್ಲರೂ ಕೇಳುವ ಮಾತು ಒಂದೇ ಆಗಿತ್ತು: ಕೆಲಸ ಸಿಕ್ಕಿತೋ ಇಲ್ಲವೋ.

ನಾನು ಕಲಿತದ್ದು ಏನು ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಮನೆಯೊಡತಿಗೆ ಒಮ್ಮೆ, ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತೇನೆ ಎಂದೆ.

"ನಕಾಶಾ ತೆಗಿತಿಯೇನ್ ತಂಗಿ? ಹಂಗಾದ್ರ ನಮ್ಮ ಮ್ಯಾಲಿನ ಮಜಲಿಂದೂ ಒಂದು ತೆಗದು ಕೊಡು. ಮುನ್ಸಿಪಾಲ್ಟಿಗಿ ಕೊಡಬೇಕಾಗ್ಯದ" ಎಂದರು.

ಅಂಥದ್ದರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಔರಾದ ತಾಲೂಕಿನಲ್ಲಿ ಮಳೆನೀರು ಹಿಡಿದಿಡುವ, ಗಿಡ ನೆಡುವ, ಬದು ಕಟ್ಟುವ ಒಂದು ಯೋಜನೆ. ಅದರ ಬೀದರ ಕಚೇರಿಗೆ ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಯ, ತಂತ್ರಜ್ಞರು ಬೇಕು, ಒಂದೇ ಹುದ್ದೆ, ಗುತ್ತಿಗೆ ಮೇಲೆ. ಸ್ವಂತ ಕೈಬರಹದ ಅರ್ಜಿ ಪತ್ರ, ಹಿಂದೆ ಮಾಡಿದ ಯಾವುದಾದರೂ ನಕ್ಷೆ ಕೆಲಸದ ವಿವರ, ಸಾಧ್ಯವಾದರೆ ದಾಖಲೆ ಲಗತ್ತಿಸಬೇಕು. ಎರಡು ಸಲ ಓದಿದೆ. ನಾನು ಎಂ.ಎ.ಗೆ ಮಾಡಿದ ಪ್ರಾಜೆಕ್ಟ್ ಔರಾದ ತಾಲೂಕಿನದೇ ಆಗಿತ್ತು. ನನಗೆಂದೇ ಹಾಕಿದ ಜಾಹೀರಾತು ಇದು ಎಂದುಕೊಂಡೆ.

ಪತ್ರ ಬರೆಯಲು ಕೂತಾಗ ಒಂದು ವಿಚಿತ್ರ ಸಂಗತಿ ನಡೆಯಿತು. "ಮಾನ್ಯರೇ" ಎಂದು ಶುರು ಮಾಡಿದ್ದೇ ತಡ, ಕೈ ನಿಲ್ಲಲಿಲ್ಲ. ನಾಲ್ಕು ಪುಟ ಆಯಿತು. ಅರ್ಜಿ ಅಂದರೆ ಒಂದು ಪುಟ ಇರಬೇಕು ಎಂದು ಗೊತ್ತಿದ್ದರೂ ನಿಲ್ಲಿಸಲಾಗಲಿಲ್ಲ. ಆಗ ಹೊಳೆಯಿತು: ಪ್ರಾಜೆಕ್ಟಿನ ನಾಲ್ಕು ತಿಂಗಳು ನಾನು ಏನು ಮಾಡಿದೆ ಎಂದು ಒಬ್ಬ ಮನುಷ್ಯನಿಗೆ ಪೂರ್ತಿಯಾಗಿ ಹೇಳುತ್ತಿರುವುದು ಇದೇ ಮೊದಲು. ಅದೂ ಮುಖ ನೋಡದ ಮನುಷ್ಯನಿಗೆ. ನನ್ನ ಜೊತೆ ಪ್ರಾಜೆಕ್ಟ್ ಮಾಡಬೇಕಿದ್ದ ಗೆಳತಿಗೆ ನಡುವೆ ಮದುವೆಯಾಗಿ ಅವಳು ಓದು ಬಿಟ್ಟಿದ್ದಳು. ಉಳಿದವರೆಲ್ಲ ಇಬ್ಬಿಬ್ಬರು ಕೂಡಿ ಮಾಡಿದರು, ನಾನೊಬ್ಬಳೇ ಮಾಡಿದೆ. ಮೇಷ್ಟ್ರು ಕೊನೆಯ ಪುಟ ತೆರೆದು ಸಹಿ ಹಾಕಿದರು.

ಪತ್ರದಲ್ಲಿ ಹೀಗೆ ಬರೆದೆ:

"ಔರಾದ ತಾಲೂಕಿನ ಒಂಬತ್ತು ಹಳ್ಳಿಗಳ ಭೂಬಳಕೆ ನಕ್ಷೆಯನ್ನು ತಯಾರಿಸಿದ್ದೇನೆ. ಮಳೆಗಾಲದಲ್ಲಿ ಮೋಡ ಕವಿದ ಚಿತ್ರಗಳೇ ಸಿಗುವುದರಿಂದ, ಅಕ್ಟೋಬರ್ ಮೊದಲ ವಾರದ ನಿಚ್ಚಳವಾದ ಒಂದು ಉಪಗ್ರಹ ಚಿತ್ರವನ್ನು ಆರಿಸಿಕೊಂಡೆ. ಗುರುತಿರುವ ಕೆಲವು ಜಾಗಗಳನ್ನು ಮಾದರಿಯಾಗಿ ಕೊಟ್ಟು, ಉಳಿದ ನೆಲವನ್ನು ಬೆಳೆ, ಬೀಳು, ಕುರುಚಲು, ನೀರು, ಊರು, ಮುರುಮಿನ ಮಡ್ಡಿ (ಕಲ್ಲುನೆಲ) ಎಂದು ಆರು ಬಗೆಯಾಗಿ ಕಂಪ್ಯೂಟರಿನಿಂದ ವಿಂಗಡಿಸಿದೆ. ಆ ಮೇಲೆ ನಕ್ಷೆ ಎಷ್ಟು ಸರಿ ಎಂದು ನೋಡಲು, ಎಲ್ಲೆಂದರಲ್ಲಿ ಅರವತ್ತು ಪಾಯಿಂಟುಗಳನ್ನು ಕಂಪ್ಯೂಟರಿನಿಂದಲೇ ಆರಿಸಿ, ಡಿಸೆಂಬರಿನಲ್ಲಿ ಅರವತ್ತಕ್ಕೂ ನಾನೇ ಹೋಗಿ, ಅಲ್ಲಿ ಏನಿದೆ, ಅಕ್ಟೋಬರಿನಲ್ಲಿ ಏನಿತ್ತು ಎಂದು ವಿಚಾರಿಸಿ ಬರೆದುಕೊಂಡೆ. ಅರವತ್ತರಲ್ಲಿ ಐವತ್ನಾಲ್ಕು ಸರಿ ಬಂದವು. ಮಡ್ಡಿಯ ಕೆಲವು ಭಾಗ ಊರಿನಂತೆ ಕಂಡಿದ್ದು ಮುಖ್ಯವಾದ ತಪ್ಪು."

ಓದಿ ನೋಡಿದಾಗ ಹೆಮ್ಮೆ ಎನಿಸಿತು. ಇಡೀ ಪತ್ರದಲ್ಲಿ ಒಂದೇ ಒಂದು ಸುಳ್ಳು ಇತ್ತು. ಅರವತ್ತಕ್ಕೂ ನಾನು ಹೋಗಿರಲಿಲ್ಲ. ನಲವತ್ತೊಂಬತ್ತಕ್ಕೆ ಹೋಗಿದ್ದೆ.

ಉಳಿದ ಹನ್ನೊಂದು ಪಾಯಿಂಟುಗಳು ಮಾಂಜ್ರಾ ನದಿಯ ಕಡೆಯ ಒಂದು ಮೂಲೆಯಲ್ಲಿದ್ದವು. ಕೊನೆಯ ದಿನಕ್ಕೆಂದು ಅವನ್ನು ಉಳಿಸಿಕೊಂಡಿದ್ದೆ. ದಿನವೂ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬೀದರ ಬಿಟ್ಟು, ಜನವಾಡ ದಾಟಿ, ಔರಾದದಲ್ಲಿ ಇಳಿದು, ಟಂಟಂ ಆಟೋ ಹಿಡಿದು ಹಳ್ಳಿ ಮುಟ್ಟಿ, ಅಲ್ಲಿಂದ ನಡೆಯುವುದು. ಹೋದಲ್ಲೆಲ್ಲ ಮೊಬೈಲ್ ಹಿಡಿದು ಹೊಲದಲ್ಲಿ ನಿಂತ ಹುಡುಗಿಯನ್ನು ನೋಡಿ ಜನ ಬರುತ್ತಿದ್ದರು.

"ಬೆಳಿ ಸರ್ವೇದವ್ರೇನ್ರಿ? ನಮ್ಮ ಹೊಲದ್ದು ಫೋಟೋ ತಪ್ಪು ಹಚ್ಯಾರ, ಅದೊಂದು ಸರಿ ಮಾಡ್ರಿ."

ಅಲ್ಲ ಎಂದರೆ, "ಮತ್ತ ಯಾಕ ಬಂದೀರಿ?"

ಓದುವುದಕ್ಕೆ ಎಂದರೆ, "ಹೊಲದಾಗೇನ್ ಓದ್ತೀರಿ?"

ಕೆಟ್ಟವರು ಯಾರೂ ಇರಲಿಲ್ಲ. ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ಆದರೆ ಅದೇ ಮೂರು ಪ್ರಶ್ನೆಗೆ ಅದೇ ಮೂರು ಉತ್ತರ ಹೇಳಿ ಹೇಳಿ ನನಗೆ ನನ್ನ ಮೇಲೇ ನಂಬಿಕೆ ಹೋಗಿತ್ತು. ಆ ಕೊನೆಯ ದಿನ ಮಧ್ಯಾಹ್ನ ಒಂದು ಬೇವಿನ ಗಿಡದ ಬುಡದಲ್ಲಿ ಒಬ್ಬಳೇ ಕೂತು ರೊಟ್ಟಿ ತಿಂದೆ. ಜೊತೆಗೆ ಬೈಯುವವರಾದರೂ ಒಬ್ಬರಿದ್ದರೆ ಎದ್ದು ನಡೆಯುತ್ತಿದ್ದೆ. ಯಾರೂ ಇರಲಿಲ್ಲ. ಎದ್ದು, ಬಂದ ಟಂಟಂ ಹತ್ತಿ, ವಾಪಸ್ ಬಂದುಬಿಟ್ಟೆ.

ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆ ಹನ್ನೊಂದು ಪಾಯಿಂಟುಗಳನ್ನು ಅದೇ ಅಕ್ಟೋಬರಿನ ಚಿತ್ರದ ಮೇಲೆ ನೋಡಿದೆ. ಹನ್ನೊಂದೂ ಬರೀ ಕಪ್ಪು ಮಣ್ಣು. ಒಂದು ಹಸಿರು ಎಳೆಯೂ ಇಲ್ಲ. ನಕ್ಷೆ ಅವನ್ನು ಬೀಳು ಎಂದಿತ್ತು. ನಾನೂ ಪಟ್ಟಿಯಲ್ಲಿ, "ಸ್ಥಳದಲ್ಲಿ ಕಂಡದ್ದು" ಎಂಬ ಕಾಲಮ್ಮಿನಲ್ಲಿ, ಬೀಳು ಎಂದು ಹನ್ನೊಂದು ಸಲ ಬರೆದೆ. ದಿನಾಂಕವನ್ನೂ ಹಾಕಿದೆ. ಐದು ನಿಮಿಷದ ಕೆಲಸ.

ಅರ್ಜಿಗೆ ನಕ್ಷೆಯ ಒಂದು ಪ್ರತಿ ಮತ್ತು ಆ ಪಟ್ಟಿ ಎರಡನ್ನೂ ಲಗತ್ತಿಸಿದೆ. ಪತ್ರವನ್ನು ಕಷ್ಟಪಟ್ಟು ಎರಡು ಪುಟಕ್ಕೆ ಇಳಿಸಿದೆ. ಜೆರಾಕ್ಸ್ ಅಂಗಡಿಯವರು ಪಟ್ಟಿ ನೋಡಿ, "ಇಷ್ಟೆಲ್ಲ ಯಾರ್ ಓದ್ತಾರ್ರಿ ಅಕ್ಕಾ? ಮಾರ್ಕ್ಸ್ ಕಾರ್ಡ್ ಹಚ್ಚಿದ್ರ ಸಾಕು" ಎಂದರು. ಅವರು ಹೇಳಿದ್ದು ನಿಜ ಎಂದೇ ನನಗೂ ಅನಿಸಿತ್ತು. ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ಪಟ್ಟಿ ಹಚ್ಚಿದ್ದೆ. ಯಾರಾದರೂ ಓದಲಿ ಎಂಬ ಆಸೆಯೂ ಇತ್ತು. ಎರಡೂ ಒಟ್ಟಿಗೆ ಇರಲು ಬರುವುದಿಲ್ಲ ಎಂದು ಆಗ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಕಚೇರಿ ಒಂದು ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿತ್ತು. ಹೊರಗೆ ಬೆಂಚಿನ ಮೇಲೆ ಆರು ಜನ ಕೂತಿದ್ದೆವು. ಒಬ್ಬರೂ ಒಬ್ಬರ ಜೊತೆ ಮಾತಾಡಲಿಲ್ಲ. ಒಂದೇ ಹುದ್ದೆ ಇದ್ದಾಗ ಪಕ್ಕದವರ ಹೆಸರು ಕೇಳಲೂ ಬಾಯಿ ಬರುವುದಿಲ್ಲ.

ಒಳಗೆ ಮೂವರಿದ್ದರು. ಇಬ್ಬರು ಎಲ್ಲರಿಗೂ ಕೇಳುವುದನ್ನೇ ಕೇಳಿದರು. ಗಾಡಿ ಓಡಿಸಲು ಬರುತ್ತದೆಯೇ, ವಾರಕ್ಕೆ ಮೂರು ದಿನ ಔರಾದದಲ್ಲಿ ಇರಬಹುದೇ, ಮದುವೆ ಯಾವಾಗ. ಮೂರನೆಯವರು ಸುಮ್ಮನೆ ಕೂತಿದ್ದರು. ಐವತ್ತರ ಹತ್ತಿರದ ವಯಸ್ಸು, ತೆಳ್ಳಗೆ, ಕೈಯಲ್ಲಿ ಸೀಸದ ಕಡ್ಡಿ. ಕಚೇರಿಯ ನಕ್ಷೆಗಳನ್ನೆಲ್ಲ ನೋಡಿಕೊಳ್ಳುವವರು ಅವರೇ ಎಂದು ಆಮೇಲೆ ಗೊತ್ತಾಯಿತು. ಅವರ ಮುಂದೆ ನನ್ನ ಪತ್ರ ಇತ್ತು. ಸಾಲುಗಳ ಕೆಳಗೆ ಸೀಸದ ಗೆರೆಗಳಿದ್ದವು. ಪಟ್ಟಿಯ ಪಕ್ಕದಲ್ಲಿ ಸಣ್ಣ ಸಣ್ಣ ಟಿಕ್ಕುಗಳು. ಅರವತ್ತನ್ನೂ ನೋಡಿದ್ದರು.

"ಭಾಳ ಛಲೋ ಬರ್ದೀರಿ" ಎಂದರು. "ಎಲ್ಲಿ ತಪ್ಪ್ಯದ ಅಂತ ನೀವೇ ಹೇಳೀರಿ. ಹಂಗ ಯಾರೂ ಬರೆಂಗಿಲ್ಲ."

"ಥ್ಯಾಂಕ್ಸ್ ಸರ್."

"ಒಂದ್ ಸಣ್ಣ ಸಂಶೆ ಅದ. ಇಡೀ ನಕ್ಷಾದಾಗ ಅಲ್ಲೊಂದು ಇಲ್ಲೊಂದು ತಪ್ಪದ. ಈ ನದಿ ಕಡಿ ಮೂಲ್ಯಾಗ ಮಾತ್ರ ಹನ್ನೊಂದಕ್ಕ ಹನ್ನೊಂದೂ ಸರಿ ಬಂದಾವ. ಎಲ್ಲಾದಕ್ಕೂ ಒಂದೇ ತಾರೀಖ್ ಅದ. ಅಲ್ಲಿ ನಡ್ಕೋತ ಹನ್ನೊಂದು ಮುಗಸ್ಬೇಕಂದ್ರ ನನಗ ಎರಡು ದಿನ ಹಿಡಿತದ. ಹೋಗಿದ್ರೇನ್ರಿ?"

"ಹೋಗಿದ್ದೆ ಸರ್" ಎಂದೆ. ನಾಲಿಗೆಗೆ ಅದೇ ಬಂತು.

ಅವರು ದನಿ ಏರಿಸಲಿಲ್ಲ. "ಅದು ನಮ್ಮ ಸ್ವಾದರ ಮಾವಂದಿರ ಊರಿನ ಹೊಲದ ಶಿವಾರ. ಎರಿ ಭೂಮಿ, ಒಂದಾಳು ಆಳ ಅದ. ಮಳಿಗಾಲದಾಗ ಅಲ್ಲಿ ಏನೂ ಬಿತ್ತಂಗಿಲ್ಲ. ಹರಗಿ ಹರಗಿ ಬಿಡ್ತಾರ, ಹಸಿ ಹಿಡಿಲಿ ಅಂತ. ಮಳಿ ಹಿಂದ್ ಸರದ ಮ್ಯಾಲ ಹಿಂಗಾರಿ ಜೋಳಾ, ಕಡ್ಲಿ. ಡಿಸೆಂಬರ್‌ನ್ಯಾಗ ಜೋಳ ಎದಿಮಟ ನಿಂತಿರ್ತದ. ಅದರಾಗ ನಿಂತು ಬೀಳು ಅಂತ ಹ್ಯಾಂಗ ಬರ್ಕೊಂಡ್ರಿ?"

ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು.

"ನಿಮ್ಮದ್ ಯಾ ಊರ್ರಿ?"

"ಭಾತಂಬ್ರಾ, ಸರ್."

"ಮನಿದು ಹಿಂಗಾರಿ ಹೊಲ ಇಲ್ಲೇನ್ರಿ?"

"ಅದಾವ್ರಿ" ಎಂದೆ.

ಇಪ್ಪತ್ನಾಲ್ಕು ವರ್ಷ ಆ ಹೊಲದ ಜೋಳದ ರೊಟ್ಟಿ ತಿಂದಿದ್ದೆ. ಶ್ರಾವಣದಲ್ಲಿ ಅಪ್ಪ ಕುಂಟೆ ಹೊಡೆಯುವಾಗ ಹಿಂದೆ ಓಡಿದ್ದೆ. ಅದೇ ಹೊಲದಂಥ ಹೊಲಗಳನ್ನು ಕಂಪ್ಯೂಟರಿನ ಪರದೆಯಲ್ಲಿ ಮೇಲಿನಿಂದ ನೋಡಿ, ಗುರುತೇ ಇಲ್ಲದವಳ ಹಾಗೆ ಬೀಳು ಎಂದು ಬರೆದಿದ್ದೆ. ಪೇಟೆಯಲ್ಲಿ ಹುಟ್ಟಿದ ಹುಡುಗಿಗೆ ಈ ತಪ್ಪಿಗೆ ಮಾಫಿ ಇದೆ. ನನಗೆ ಇರಲಿಲ್ಲ.

"ಸರ್, ಆ ಹನ್ನೊಂದಕ್ಕೆ ನಾನು ಹೋಗಿಲ್ಲ. ಚಿತ್ರ ನೋಡಿ ಬರೆದೆ."

"ಯಾ ಚಿತ್ರ? ನಕ್ಷಾ ಮಾಡಿದ್ದೂ ಅದೇ ಚಿತ್ರಲಿಂದೇನು?"

"ಹೌದ್ರಿ."

"ಮತ್ತ ಅದಕ್ಕದೇ ಹಚ್ಚಿ ನೋಡಿದ್ರ ಸರಿ ಬರದೆ ಏನಾಗ್ತದ?" ಎಂದು ಸೀಸದ ಕಡ್ಡಿ ಜೇಬಿಗೆ ಇಟ್ಟುಕೊಂಡರು. "ನೀವು ಬೀಳು ಅಂತ ಬಣ್ಣಾ ಹಚ್ಚಿ ಕೊಡ್ತೀರಿ. ಬೀಳು ಅಂದ್ರ ನಮ್ಮ ಯೋಜನಾದಾಗ ಗಿಡಾ ಹಚ್ಚಲಾಕ ಕುಳಿ ತೋಡ್ರಿ ಅಂತ ಬರಿತಾರ. ಜೋಳದ ಹೊಲದಾಗ ಕುಳಿ ತೋಡಲಾಕ ಹೋದ್ರ ಬಡಿಗಿ ತಗೊಂಡು ಬರ್ತಾರ. ಹೊಡತಾ ತಿನ್ನೋರು ನಾವು."

ಉಳಿದಿಬ್ಬರು ನಕ್ಕರು. ಅವರು ನಗಲಿಲ್ಲ. ಪತ್ರವನ್ನು ಮಡಚಿ ಫೈಲಿನಲ್ಲಿ ಇಟ್ಟರು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ತನಕ ನಡೆದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಇವತ್ತಿಗೂ ಹೇಳಲು ಸಂಕೋಚವಾಗುತ್ತದೆ. ನನಗೆ ಖುಷಿಯಾಗಿತ್ತು. ಯಾರೋ ಒಬ್ಬರು ಅರವತ್ತು ಸಾಲುಗಳನ್ನೂ ಓದಿದ್ದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಕೆಲಸದ ಬಗ್ಗೆ ನನ್ನ ಜೊತೆ ಮಾತಾಡಿದ್ದರು. ಸುಳ್ಳು ಹಿಡಿಯಲಾದರೂ ಸರಿ, ಮಾತಾಡಿದ್ದರು. ಅಷ್ಟು ಮಾತಿಗೆ ಹಸಿದಿದ್ದೆನಲ್ಲ ಎಂದು ಅಳು ಬಂತು. ಊರಿಗೆ ಹೋಗುವ ಭಾಲ್ಕಿ ಬಸ್ಸು ನಿಂತಿತ್ತು, ಹತ್ತಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಮ್ಮ ಕೆಳಗಿನ ಹೊಲ ದಸರಾ ಮುಂದ ಹ್ಯಾಂಗಿರ್ತದ?"

"ಹ್ಯಾಂಗಿರ್ತದ ಅಂದ್ರ?"

"ಖಾಲಿ ಇರ್ತದೇನು?"

"ಖಾಲಿ ಯಾಕಿರ್ತದ? ಬಿತ್ತಲಾಕ ತಯಾರಿರ್ತದ" ಎಂದರು ಅಪ್ಪ. ಆಮೇಲೆ, "ಇಂಟರ್ವ್ಯೂದಾಗ ಇದೇ ಕೇಳಿದ್ರೇನ್? ಹಂಗಾದ್ರ ನನಗೇ ಕಳಸ್ಬೇಕಿತ್ತು" ಎಂದು ನಕ್ಕರು. ಏನಾಯಿತು ಎಂದು ಹೇಳುವ ಧೈರ್ಯ ಬರಲಿಲ್ಲ. ಚೆನ್ನಾಗಾಯಿತು ಎಂದೆ.

ಮುಂದಿನ ವಾರ ಆ ಹನ್ನೊಂದು ಪಾಯಿಂಟುಗಳಿಗೆ ಹೋದೆ. ಯಾರೂ ಹೋಗು ಎಂದಿರಲಿಲ್ಲ. ಕೆಲಸ ಸಿಗುತ್ತದೆ ಎಂಬ ಭ್ರಮೆಯೂ ಇರಲಿಲ್ಲ. ಆ ಪಟ್ಟಿ ಹಾಗೇ ಒಂದು ಫೈಲಿನಲ್ಲಿ ಕೂತಿರುತ್ತದೆ ಎಂಬುದು ಸಹಿಸಲಾಗಲಿಲ್ಲ, ಅಷ್ಟೇ. ನಿಜಕ್ಕೂ ಎರಡು ದಿನ ಹಿಡಿಯಿತು. ಮೊಬೈಲು ತೋರಿಸಿದ ಜಾಗಕ್ಕೆ ಹೋಗಿ ನಿಂತರೆ ಜೋಳದಲ್ಲಿ ನನ್ನ ಭುಜದ ತನಕ ಮುಳುಗುತ್ತಿದ್ದೆ. ಒಂದು ವರ್ಷ ತಡವಾಗಿ ಬಂದಿದ್ದರಿಂದ, ಹೋದ ವರ್ಷ ಏನಿತ್ತು ಎಂದೂ ಪ್ರತಿ ಹೊಲದಲ್ಲಿ ಕೇಳಬೇಕಾಯಿತು. ಎಂಟು ಕಡೆ ಜೋಳ, ಎರಡು ಕಡೆ ಕಡಲೆ. ಹೋದ ವರ್ಷವೂ ಹಿಂಗಾರಿಯೇ.

ಹನ್ನೊಂದನೆಯದು ಮಾತ್ರ ನಿಜವಾಗಿ ಬೀಳು ಬಿದ್ದಿತ್ತು. ನಾಲ್ಕೂ ಕಡೆ ಬೆಳೆ, ನಡುವೆ ಒಂದು ತುಂಡು ಕಪ್ಪು ನೆಲ, ಅದರ ಮೇಲೆ ಒಣಗಿದ ಕಸ. ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಉಡಿಯಲ್ಲಿ ಕಡಲೆ ಸೊಪ್ಪು ಚಿವುಟಿ ತುಂಬಿಕೊಳ್ಳುತ್ತಿದ್ದರು.

"ಯಾರ ಪೈಕಿ ತಂಗಿ ನೀ?"

"ಯಾರ ಪೈಕಿನೂ ಅಲ್ರಿ ಅಕ್ಕಾ, ನಕ್ಷೆ ಮಾಡೋದಿದೆ. ಈ ಹೊಲ ಯಾಕ ಬಿತ್ತಿಲ್ಲ?"

"ಅದಾ? ಈ ಹೊಲದಾಕಿ ಒಬ್ಬಾಕೀನೇ ಇರ್ತಾಳ. ಹೋದ ವರ್ಷ ಬಿತ್ತೋ ಹೊತ್ತಿಗಿ ಜ್ವರಾ ಬಂದು ಮಲಗಿದ್ಳು. ಎದ್ದು ಟ್ರ್ಯಾಕ್ಟರ್ ಹೇಳೋದ್ರಾಗ ಸುತ್ತೆಲ್ಲ ಬಿತ್ತಿ ಮುಗದಿತ್ತು. ಈ ಹೊಲಕ್ಕ ಹಾದಿ ಇಲ್ಲವ್ವ. ನಮ್ಮ ಹೊಲದಾಗ ಹಾಯ್ದೇ ಬರ್ಬೇಕು. ಮೊಳಕಿ ಮ್ಯಾಲ ಗಾಲಿ ಹ್ಯಾಂಗ ಬಿಡೋದು? ಈ ವರ್ಷ ಟ್ರ್ಯಾಕ್ಟರ್‌ನವ ತಡಾ ಮಾಡಿದ, ಮತ್ತ ಅದೇ ಕಥಿ."

"ಅವರು ಏನಂತಾರ?"

"ಏನಂತಾಳ? ಸಂಜಿಗೊಮ್ಮಿ ಬಂದು ಬದುವಿನ ಮ್ಯಾಲ ಕೂತು ಹೋಗ್ತಾಳ."

ಬೀದರಿಗೆ ಬಂದು ಎರಡನೇ ಪತ್ರ ಬರೆದೆ. ಇದು ಅರ್ಧ ಪುಟ ಆಯಿತು.

"ಮಾನ್ಯರೇ, ನನ್ನ ಅರ್ಜಿಯಲ್ಲಿ ಅರವತ್ತು ಪಾಯಿಂಟುಗಳಿಗೂ ಹೋಗಿದ್ದೇನೆ ಎಂದು ಬರೆದದ್ದು ಸುಳ್ಳು. ಹನ್ನೊಂದಕ್ಕೆ ಈಗ ಹೋಗಿ ಬಂದಿದ್ದೇನೆ. ಅವುಗಳಲ್ಲಿ ಹತ್ತು ತಪ್ಪು. ಒಟ್ಟು ಐವತ್ನಾಲ್ಕಲ್ಲ, ನಲವತ್ನಾಲ್ಕು ಸರಿ. ಅಕ್ಟೋಬರಿನ ಒಂದೇ ಚಿತ್ರ ಸಾಲದು, ಜನವರಿಯದನ್ನೂ ಸೇರಿಸಿ ನೋಡಿದ್ದರೆ ಹಿಂಗಾರಿ ಹೊಲಗಳು ಬೆಳೆಯೆಂದೇ ಬರುತ್ತಿದ್ದವು. ತಿದ್ದಿದ ಪಟ್ಟಿ ಲಗತ್ತಿಸಿದೆ. ಹಳೆಯದನ್ನು ದಯವಿಟ್ಟು ಹರಿದುಹಾಕಬೇಕು."

ಕಚೇರಿಗೆ ಹೋಗಿ ಬಾಗಿಲಲ್ಲಿದ್ದವರ ಕೈಯಲ್ಲಿ ಕೊಟ್ಟು, ಯಾರ ಮುಖವೂ ನೋಡದೆ ಇಳಿದು ಬಂದೆ.

ಹದಿನೈದು ದಿನದ ಮೇಲೆ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಒಲೆಯ ಮೇಲೆ ಅನ್ನಕ್ಕೆ ಇಟ್ಟಿದ್ದೆ. ದನಿ ಕೇಳಿದ ಕೂಡಲೇ ಗುರುತು ಹತ್ತಿತು, ಸೀಸದ ಕಡ್ಡಿಯವರು.

"ಆ ಹುದ್ದೆ ಬ್ಯಾರೆಯವ್ರಿಗಿ ಆಗ್ಯದ್ರಿ. ನಿಮಗ ಹೇಳ್ಬೇಕನಿಸ್ತು" ಎಂದರು.

"ಗೊತ್ತಿತ್ತು ಸರ್. ಥ್ಯಾಂಕ್ಸ್" ಎಂದು ಫೋನ್ ಇಡಲು ಹೊರಟೆ.

"ತಡೀರಿ. ಹನ್ನೊಂದರಾಗ ಹತ್ತು ತಪ್ಪು ಅಂತ ಬರ್ದೀರಿ. ಒಂದು ಸರಿ ಉಳಿತಲ್ಲ, ಅದು ಯಾಕ ಬೀಳು ಬಿದ್ದದ?"

ನಾನು ಹೇಳಿದೆ. ಜ್ವರ, ಟ್ರ್ಯಾಕ್ಟರ್, ಮೊಳಕೆಯ ಮೇಲೆ ಗಾಲಿ, ಬದುವಿನ ಮೇಲೆ ಕೂತು ಹೋಗುವ ಹೆಂಗಸು. ಅವರು ನಡುವೆ ನಡುವೆ ಕೇಳಿದರು. ಯಾವ ದಿಕ್ಕಿನ ಹೊಲ ಯಾರದು, ಹಳ್ಳ ಎಷ್ಟು ದೂರ, ಹಳ್ಳದ ದಂಡೆಗುಂಟ ಬಂಡಿ ಹಿಡಿಸುವಷ್ಟು ಜಾಗ ಇದೆಯೇ. ನನಗೆ ಎಲ್ಲವೂ ಗೊತ್ತಿತ್ತು. ಈ ಸಲ ಅಲ್ಲಿ ನಿಂತು ಬಂದಿದ್ದೆ. ನೋಟ್‌ಬುಕ್ ತೆಗೆದು ಓದಿ ಹೇಳಿದೆ.

"ಹಳ್ಳದ ಬಾಜೂದ್ದು ಹಾದಿ ಮಾಡಲಾಕ ನಮ್ಮ ಪ್ಲ್ಯಾನ್‌ನ್ಯಾಗ ಬರಿಲಾಕ ಬರ್ತದ" ಎಂದರು. "ಆಗ್ತದಂತ ಹೇಳಂಗಿಲ್ಲ. ಬರಿಲಾಕಂತೂ ಬರ್ತದ. ಆ ಪಾಯಿಂಟಿಂದು ನಂಬರ್ ಇನ್ನೊಮ್ಮಿ ಹೇಳ್ರಿ, ಬರ್ಕೋತೇನಿ."

ಅಕ್ಷಾಂಶ, ರೇಖಾಂಶ ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಅವರು ತಿರುಗಿ ಓದಿದರು. ಒಂದು ಅಂಕಿ ತಪ್ಪಾಗಿತ್ತು, ನಾನು ತಿದ್ದಿದೆ. ಸರಿ ಎಂದು ಅವರು ಫೋನ್ ಇಟ್ಟರು.

ಅನ್ನ ತಳ ಹಿಡಿದ ವಾಸನೆ ಬರುತ್ತಿತ್ತು. ಎದ್ದು ಹೋಗಿ ಪಾತ್ರೆ ಇಳಿಸುವಾಗ, ನನಗೆ ಆ ಕೆಲಸ ಸಿಗಲಿಲ್ಲ ಎಂಬುದು ನೆನಪಾಯಿತು.